ಐದು ವೋಲ್ಟಿನ ತೋಳಿಗೆ ಯಾವ ಡ್ರೈವರ್?

ನನ್ನ ಅಕ್ಕನ ಮಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ. ದಸರಾ ರಜೆಗೆ ಬಂದಾಗ ಒಂದು ಚಪ್ಪಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದು ತಂದ. ಒಳಗಿದ್ದದ್ದು ಅಕ್ರಿಲಿಕ್ ಹಾಳೆ ಕತ್ತರಿಸಿ ಜೋಡಿಸಿದ, ಒಂದಡಿ ಎತ್ತರದ ರೋಬೋ ತೋಳು. ಬುಡ ತಿರುಗಿಸಲು ಒಂದು, ಹೆಗಲಿಗೆ ಒಂದು, ಮೊಣಕೈಗೆ ಒಂದು, ಮುಂದಿನ ಇಕ್ಕಳಕ್ಕೆ ಒಂದು ಎಂದು ನಾಲ್ಕು ಪುಟ್ಟ ಗೇರ್ ಮೋಟಾರುಗಳು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎನ್‌20 ಎಂದರೆ ಸಾಕು, ತೆಗೆದುಕೊಡುತ್ತಾರೆ. ಆಜ್ಞೆ ಕೊಡಲು ಒಂದು ESP32 ಬೋರ್ಡು, ವಿದ್ಯುತ್ತಿಗೆ 5 ವೋಲ್ಟ್ 2 ಆಂಪಿಯರಿನ ಹಳೆಯ ಮೊಬೈಲ್ ಚಾರ್ಜರು. ನಡುವೆ ಮೋಟಾರುಗಳನ್ನು ಓಡಿಸಲು, ಕಪ್ಪು ಹೀಟ್‌ಸಿಂಕ್ ಹೊತ್ತ ಎರಡು L298N ಮಾಡ್ಯೂಲುಗಳು.

"ಮಾಮ, ಹೆಗಲು ಏಳೋಕೆ ಹನ್ನೊಂದು ಸೆಕೆಂಡ್ ತಗೊಳ್ಳುತ್ತೆ. ಬುಡ ತಿರುಗ್ತಿರುವಾಗ ಏಳಿಸಿದ್ರೆ ಅರ್ಧಕ್ಕೇ ನಿಂತುಬಿಡುತ್ತೆ. ಒಂದೊಂದ್ಸಲ ಬೋರ್ಡೇ ರೀಸ್ಟಾರ್ಟ್ ಆಗುತ್ತೆ. ಮೋಟಾರ್ ಚಿಕ್ಕದಾಯ್ತಾ?"

"ಈ ಡ್ರೈವರನ್ನೇ ಯಾಕೆ ತಗೊಂಡೆ?" ಎಂದು ಕೇಳಿದೆ.

"46 ವೋಲ್ಟ್, 4 ಆಂಪಿಯರ್ ತಡೆಯುತ್ತೆ ಅಂತ ಡೇಟಾಶೀಟಿನ ಮೊದಲ ಪುಟದಲ್ಲೇ ಇದೆಯಲ್ಲ ಮಾಮ. ನಮ್ಮದು ಅದರ ಕಾಲುಭಾಗವೂ ಇಲ್ಲ."

ಅವನು ಓದಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಪುಟ ಹೇಳುವುದು ಆ ಚಿಪ್ಪು ಗರಿಷ್ಠ ಎಷ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನು. ನಮ್ಮಲ್ಲಿರುವುದು ಬರೀ 5 ವೋಲ್ಟು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಐದರಲ್ಲಿ ಚಿಪ್ಪು ತನಗಾಗಿ ಎಷ್ಟು ಇಟ್ಟುಕೊಳ್ಳುತ್ತದೆ, ಮೋಟಾರಿಗೆ ಎಷ್ಟು ಬಿಟ್ಟುಕೊಡುತ್ತದೆ? ಅದರ ಉತ್ತರ ಮೊದಲ ಪುಟದಲ್ಲಿ ಸಿಗುವುದಿಲ್ಲ. ಒಳಗಿನ ಪಟ್ಟಿಯ ಒಂದೆರಡು ಸಾಲುಗಳಲ್ಲಿ ಸಿಗುತ್ತದೆ. ಆ ಸಾಲುಗಳನ್ನು ಹುಡುಕುವ ಮುನ್ನ ಮೋಟಾರಿನ ಅಗತ್ಯವೇನು ಎಂದು ತಿಳಿದಿರಬೇಕು. ಹಾಗಾಗಿ ಆ ದಿನ ನಾವು ಡೇಟಾಶೀಟ್ ತೆರೆಯುವ ಮೊದಲು ಮಲ್ಟಿಮೀಟರ್ ತೆಗೆದೆವು.

ಅಂಗಡಿಯಲ್ಲಿ ಕೊಂಡ ಎನ್‌20 ಮೋಟಾರಿಗೆ ಡೇಟಾಶೀಟ್ ಸಿಗುವುದು ಅಪರೂಪ. ಸಿಕ್ಕರೂ ಅದು ನಿಮ್ಮ ಕೈಯಲ್ಲಿರುವ ಮೋಟಾರಿನದೇ ಎಂಬ ಖಾತರಿಯಿಲ್ಲ, ಏಕೆಂದರೆ ನೋಡಲು ಒಂದೇ ಥರ ಇರುವ ಮೋಟಾರುಗಳಲ್ಲಿ ಬೇರೆ ಬೇರೆ ಸುರುಳಿಗಳಿರುತ್ತವೆ. ಆದ್ದರಿಂದ ಅಳೆಯುವುದೇ ಸರಿ. ಮೋಟಾರನ್ನು ಎಲ್ಲದರಿಂದ ಬಿಡಿಸಿ, ಎರಡು ತುದಿಗೆ ಮೀಟರ್ ಹಚ್ಚಿ ಓಮ್ ನೋಡಬೇಕು. ಒಳಗಿನ ಬ್ರಷ್ಷು ನಿಂತ ಜಾಗಕ್ಕೆ ತಕ್ಕಂತೆ ಓದು ಬದಲಾಗುತ್ತದೆ. ಅದಕ್ಕೆ ಮೋಟಾರನ್ನು ಕ್ಷಣಕಾಲ ಓಡಿಸಿ ನಿಲ್ಲಿಸಿ, ನಾಲ್ಕೈದು ಸಲ ಅಳೆದು, ಎಲ್ಲಕ್ಕಿಂತ ಕಡಿಮೆ ಬಂದ ಓದನ್ನು ಇಟ್ಟುಕೊಳ್ಳಬೇಕು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಓಮನ್ನು ಅದರಿಂದ ಕಳೆಯಲು ಮರೆಯಬಾರದು. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಹೆಗಲು ಮತ್ತು ಮೊಣಕೈ ಮೋಟಾರುಗಳು 5 ಓಮ್ ತೋರಿಸಿದವು. ಬುಡ ಮತ್ತು ಇಕ್ಕಳದವು 10 ಓಮ್. ಮೋಟಾರು ತಿರುಗದೆ ಸಿಕ್ಕಿಕೊಂಡಾಗ ಅದು ಬರೀ ತಂತಿಯ ಸುರುಳಿ. ಆಗ ಎಳೆಯುವ ಕರೆಂಟಿಗೆ ಸ್ಟಾಲ್ ಕರೆಂಟ್ ಎನ್ನುತ್ತಾರೆ. ನಿಂತ ಮೋಟಾರು ಹೊರಡುವ ಮೊದಲ ಕ್ಷಣದಲ್ಲೂ ಎಳೆಯುವುದು ಅಷ್ಟನ್ನೇ.

```
ಸ್ಟಾಲ್ ಕರೆಂಟ್ = ವೋಲ್ಟೇಜ್ / ಸುರುಳಿಯ ಓಮ್
ಹೆಗಲು, ಮೊಣಕೈ:  5 / 5  = 1.0 A
ಬುಡ, ಇಕ್ಕಳ:     5 / 10 = 0.5 A
```

ನಾಲ್ಕೂ ಒಟ್ಟಿಗೆ ಹೊರಟರೆ 3 ಆಂಪಿಯರ್. ಚಾರ್ಜರು ಕೊಡುವುದು 2. ಬೋರ್ಡು ರೀಸ್ಟಾರ್ಟ್ ಆಗುವುದರ ಒಂದು ಮೂಲ ಇಲ್ಲಿದೆ.

ಇನ್ನೊಂದು ಅಳತೆ ಬೇಕಿತ್ತು. ಮೋಟಾರಿನ ದಾರಿಯಲ್ಲಿ ಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು, ತೋಳನ್ನು ಪೂರ್ತಿ ಚಾಚಿ, ಇಕ್ಕಳಕ್ಕೆ ಒಂದು ರಬ್ಬರು ಕಚ್ಚಿಸಿ ಹೆಗಲನ್ನು ಎತ್ತಿಸಿದೆವು. ತೋಳು ನೆಲಕ್ಕೆ ಸಮಾನಾಂತರವಾಗಿರುವಾಗ ಭಾರ ಅತಿ ಹೆಚ್ಚು. ಆ ಕ್ಷಣದಲ್ಲಿ ಮೀಟರು 0.45 ಆಂಪಿಯರ್ ತೋರಿಸಿತು. ಮೋಟಾರಿನ ತಿರುಚು ಬಲ ಕರೆಂಟಿಗೆ ಅನುಗುಣವಾಗಿರುವುದರಿಂದ, ಡ್ರೈವರ್ ಯಾವುದೇ ಇರಲಿ, ಈ ಭಾರ ಎತ್ತಲು ಈ ಮೋಟಾರಿಗೆ 0.45 ಆಂಪಿಯರ್ ಬೇಕೇ ಬೇಕು. ಮುಂದಿನ ಆಯ್ಕೆಯೆಲ್ಲ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ.

ಈಗ L298N ಚಿಪ್ಪಿನ ಡೇಟಾಶೀಟ್. ಮೊದಲ ಪುಟ ದಾಟಿ, ಎಲೆಕ್ಟ್ರಿಕಲ್ ಕ್ಯಾರಕ್ಟರಿಸ್ಟಿಕ್ಸ್ ಎಂಬ ಪಟ್ಟಿಗೆ ಬರಬೇಕು. ಅದರಲ್ಲಿ ಒಂದೊಂದು ಸಾಲಿಗೂ ಗುಣದ ಹೆಸರು, ಅದನ್ನು ಅಳೆದ ಷರತ್ತು, ಆಮೇಲೆ ಕನಿಷ್ಠ, ಸಾಮಾನ್ಯ, ಗರಿಷ್ಠ ಎಂಬ ಮೂರು ಸಂಖ್ಯೆಗಳಿರುತ್ತವೆ. ನಮಗೆ ಬೇಕಾದದ್ದು `VCEsat` ಎಂಬ ಸಾಲು. ಇದು ಚಿಪ್ಪಿನೊಳಗಿನ ಸ್ವಿಚ್ಚುಗಳಲ್ಲಿ ಕಳೆದುಹೋಗುವ ವೋಲ್ಟೇಜು. ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಬಲ್ಲ ಎಚ್-ಬ್ರಿಡ್ಜಿನಲ್ಲಿ ಕರೆಂಟು ಮೇಲಿನ ಒಂದು ಸ್ವಿಚ್ಚು ದಾಟಿ, ಮೋಟಾರು ಹಾಯ್ದು, ಕೆಳಗಿನ ಇನ್ನೊಂದು ಸ್ವಿಚ್ಚು ದಾಟಿ ಹೋಗುತ್ತದೆ. ಅಂದರೆ ಎರಡು ಕಡೆ ಸುಂಕ. L298N ಹಳೆಯ ಮಾದರಿಯ ಬೈಪೋಲಾರ್ ಟ್ರಾನ್ಸಿಸ್ಟರುಗಳ ಚಿಪ್ಪು. ಅದರ ಸುಂಕ ಜಾಸ್ತಿ. 1 ಆಂಪಿಯರ್ ಹರಿಯುವಾಗ ಎರಡೂ ಸೇರಿ ಕನಿಷ್ಠ 1.8 ವೋಲ್ಟ್, ಗರಿಷ್ಠ 3.2 ವೋಲ್ಟ್ ಎಂದು ಪಟ್ಟಿ ಹೇಳುತ್ತದೆ. 2 ಆಂಪಿಯರಿಗೆ ಗರಿಷ್ಠ 4.9 ವೋಲ್ಟ್. 24 ವೋಲ್ಟಿನ ಯಂತ್ರದಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು. ಐದರಲ್ಲಿ ಎರಡು ಹೋದರೆ ಮೋಟಾರಿಗೆ ಉಳಿಯುವುದೇನು?

ಅಳೆದು ನೋಡಿದೆವು. ಹೆಗಲು ಏಳುತ್ತಿರುವಾಗ ಮಾಡ್ಯೂಲಿಗೆ ಬರುತ್ತಿದ್ದದ್ದೇ 4.7 ವೋಲ್ಟ್, ಮೋಟಾರಿನ ತುದಿಗಳಲ್ಲಿ 3.0. ಉಳಿದ 1.7 ವೋಲ್ಟ್ ಹೀಟ್‌ಸಿಂಕನ್ನು ಬೆಚ್ಚಗೆ ಮಾಡುತ್ತಿತ್ತು. ಚಾರ್ಜರಿನಿಂದ ಹೆಗಲಿಗೆಂದು ಹೊರಟ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಮುಗಿಯುತ್ತಿತ್ತು. ಇನ್ನು ಮೋಟಾರಿನೊಳಗೆ 0.45 ಆಂಪಿಯರನ್ನು 5 ಓಮ್ ಸುರುಳಿಯಲ್ಲಿ ಹರಿಸಲು 2.25 ವೋಲ್ಟ್ ಬೇಕು. ಮೂರರಲ್ಲಿ ಅದನ್ನು ಕಳೆದರೆ ತಿರುಗುವ ವೇಗಕ್ಕೆ ಸಿಗುವುದು 0.75 ವೋಲ್ಟ್ ಮಾತ್ರ. ಹನ್ನೊಂದು ಸೆಕೆಂಡಿಗೆ ಕಾರಣ ಅದು. ಮೋಟಾರು ಚಿಕ್ಕದಾಗಿರಲಿಲ್ಲ.

ಅದೇ ಡೇಟಾಶೀಟಿನಲ್ಲಿ ಇನ್ನೊಂದು ಸಾಲನ್ನು ಬಹಳ ಜನ ದಾಟಿ ಹೋಗುತ್ತಾರೆ. ಮೋಟಾರಿನ ಸರಬರಾಜು ವೋಲ್ಟೇಜು ಗರಿಷ್ಠ 46 ಎಂದು ಬರೆದಿರುವ ಸಾಲಿನಲ್ಲೇ ಕನಿಷ್ಠವೂ ಇದೆ: `VIH + 2.5`. ಆಜ್ಞೆಯ ತಂತಿಯಲ್ಲಿ ಹೈ ಎಂದು ಕೊಡುವ ವೋಲ್ಟೇಜಿಗಿಂತ ಎರಡೂವರೆ ವೋಲ್ಟ್ ಮೇಲಿರಬೇಕು ಎಂದರ್ಥ. ಹೈ ಎಂದು ಗುರುತಿಸಲು ಆ ಚಿಪ್ಪಿಗೆ ಕನಿಷ್ಠ 2.3 ವೋಲ್ಟ್ ಬೇಕು. ಅತ್ಯಂತ ಉದಾರವಾಗಿ ಲೆಕ್ಕ ಹಾಕಿದರೂ 4.8 ವೋಲ್ಟಿಗಿಂತ ಕೆಳಗಿಳಿದರೆ ತಯಾರಕರ ಭರವಸೆ ಮುಗಿಯಿತು. ನಮ್ಮದು 4.7ರಲ್ಲಿ ನಡೆಯುತ್ತಿತ್ತು. ಹಾಗಾಗಿ ನನ್ನ ಅಭ್ಯಾಸವೆಂದರೆ, ಚಿಕ್ಕ ಸರಬರಾಜಿನ ಕೆಲಸವಾದರೆ ಯಾವ ಚಿಪ್ಪಿನಲ್ಲೂ ಮೊದಲು ಓದುವುದು ವೋಲ್ಟೇಜಿನ ಕನಿಷ್ಠ ಮಿತಿಯನ್ನು.

ಐದು ವೋಲ್ಟ್ ಎಂದು ಬರೆದ ಚಾರ್ಜರಿನಿಂದ 4.7 ಏಕೆ ಬಂತು ಎಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಡೇಟಾಶೀಟಿನ ಯಾವ ಸಾಲನ್ನು ನಂಬಬಹುದು ಎಂಬುದು ಇದರ ಮೇಲೆ ನಿಂತಿದೆ. ತಪ್ಪು ಚಾರ್ಜರಿನದಲ್ಲ, ಕೇಬಲಿನದು. ತೆಳ್ಳಗಿನ ಯುಎಸ್‌ಬಿ ಕೇಬಲುಗಳಲ್ಲಿ ಸಾಮಾನ್ಯವಾಗಿರುವ 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿದೆ. ಒಂದು ಮೀಟರಿನ ಕೇಬಲಿನಲ್ಲಿ ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 0.43 ಓಮ್. ಅದರಲ್ಲಿ 0.7 ಆಂಪಿಯರ್ ಹರಿದರೆ 0.3 ವೋಲ್ಟ್ ಖರ್ಚು. ಬುಡವೂ ಮೊಣಕೈಯೂ ಜೊತೆಗೆ ಹೊರಟು ಒಟ್ಟು 1.6 ಆಂಪಿಯರ್ ಆದಾಗ ಬೋರ್ಡಿನಲ್ಲಿ ಉಳಿಯುವುದು 4.3 ವೋಲ್ಟ್. ಅನೇಕ ESP32 ಬೋರ್ಡುಗಳ ಮೇಲೆ AMS1117 ಎಂಬ ರೆಗ್ಯುಲೇಟರ್ ಇರುತ್ತದೆ. 3.3 ವೋಲ್ಟನ್ನು ಸ್ಥಿರವಾಗಿ ಕೊಡಲು ಅದಕ್ಕೆ ಒಳಬರುವ ವೋಲ್ಟೇಜು ಸುಮಾರು 1.1 ವೋಲ್ಟ್ ಹೆಚ್ಚಿರಬೇಕು, ಅಂದರೆ 4.4. ಅದಕ್ಕಿಂತ ಕೆಳಗಿಳಿದು 3.3 ವೋಲ್ಟೂ ಕುಸಿದಾಗ ಸೀರಿಯಲ್ ಮಾನಿಟರಿನಲ್ಲಿ ಈ ಸಾಲು ಕಾಣುತ್ತದೆ:

```
Brownout detector was triggered
```

ಹುಡುಗ ಈ ಸಾಲನ್ನು ಎಷ್ಟೋ ಸಲ ನೋಡಿದ್ದ. ಪ್ರೋಗ್ರಾಮಿನ ತಪ್ಪೆಂದು ಎರಡು ರಾತ್ರಿ ಕೋಡ್ ತಿದ್ದಿದ್ದ. ವೋಲ್ಟೇಜು ಕುಸಿಯಿತು ಎಂಬುದನ್ನು ಬಿಟ್ಟು ಅದು ಬೇರೇನೂ ಹೇಳುವುದಿಲ್ಲ. ಇದಕ್ಕೆ ಮೊದಲ ಪರಿಹಾರ ತೀರಾ ಅಗ್ಗ: ಕೇಬಲನ್ನು ಅರ್ಧ ಮೀಟರಿಗೆ ಇಳಿಸಿ, 24 ಗೇಜಿನ ತಂತಿ ಬಳಸುವುದು. ಹೋಗಿ ಬರುವ ರೋಧ 0.08 ಓಮಿಗೆ ಇಳಿಯುತ್ತದೆ. 2 ಆಂಪಿಯರ್ ಎಳೆದರೂ 0.17 ವೋಲ್ಟ್ ಮಾತ್ರ ಹೋಗುತ್ತದೆ. ಆದರೂ ಡ್ರೈವರ್ ಆರಿಸುವಾಗ ನಾನು ಕೆಟ್ಟ ಕೇಬಲಿನ 4.3 ವೋಲ್ಟನ್ನೇ ಲೆಕ್ಕಕ್ಕೆ ಹಿಡಿದೆ. ಹಾಸ್ಟೆಲಿನಲ್ಲಿ ಯಾರದೋ ಕೇಬಲ್ ಸಿಕ್ಕಿಸುವುದು ಖಂಡಿತ.

L298N ಬದಲಿಗೆ ಸುಲಭವಾಗಿ ಸಿಗುವ, ಎರಡೆರಡು ಮೋಟಾರು ಓಡಿಸಬಲ್ಲ ಚಿಕ್ಕ ಚಿಪ್ಪುಗಳು ಎರಡು: TB6612FNG ಮತ್ತು DRV8833. ಎರಡರ ಒಳಗೂ ಮಾಸ್‌ಫೆಟ್ ಸ್ವಿಚ್ಚುಗಳಿವೆ. ಮಾಸ್‌ಫೆಟ್ ಒಂದು ಸಣ್ಣ ರೆಸಿಸ್ಟರಿನಂತೆ ವರ್ತಿಸುತ್ತದೆ. ಕರೆಂಟು ಕಡಿಮೆಯಾದರೆ ಸುಂಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಮೊದಲು TB6612FNG. 5 ವೋಲ್ಟಿನಲ್ಲಿ 1 ಆಂಪಿಯರ್ ಹರಿಯುವಾಗ ಎರಡೂ ಸ್ವಿಚ್ಚು ಸೇರಿ ಕಳೆಯುವುದು ಸಾಮಾನ್ಯವಾಗಿ 0.5 ವೋಲ್ಟ್, ಗರಿಷ್ಠ 0.7. ಬಹಳ ಒಳ್ಳೆಯದು. ಹುಡುಗನ ಮುಖ ಅರಳಿತು. ನಾನು ಮೊಬೈಲನ್ನು ಅವನ ಕೈಗೇ ಕೊಟ್ಟು, ಷರತ್ತಿನ ಕಾಲಮ್ಮನ್ನು ಗಟ್ಟಿಯಾಗಿ ಓದು ಎಂದೆ. ಕೆಲಸದ ವ್ಯಾಪ್ತಿ ಹೇಳುವ ಪಟ್ಟಿಯಲ್ಲಿ ಮೋಟಾರಿನ ಸರಬರಾಜು 2.5ರಿಂದ 13.5 ವೋಲ್ಟ್ ಎಂದಿದೆ. ಅದರ ಕೆಳಗೆ ಔಟ್‌ಪುಟ್ ಕರೆಂಟಿಗೆ ಎರಡು ಸಾಲುಗಳಿವೆ. ಸರಬರಾಜು 4.5 ವೋಲ್ಟ್ ಅಥವಾ ಹೆಚ್ಚಿದ್ದರೆ 1 ಆಂಪಿಯರ್, 4.5ಕ್ಕಿಂತ ಕಡಿಮೆಯಿದ್ದರೆ 0.4 ಆಂಪಿಯರ್. ನಮ್ಮ ವೋಲ್ಟೇಜು 4.3ಕ್ಕೆ ಇಳಿಯಬಹುದು, ನಮ್ಮ ಹೆಗಲಿಗೆ 0.45 ಬೇಕು. ಆ ಎರಡನೇ ಸಾಲು ನಮ್ಮನ್ನು ಹೊರಗಿಟ್ಟಿತು.

ಹಾಗೆಂದು 4.4 ವೋಲ್ಟಿನಲ್ಲಿ ಆ ಚಿಪ್ಪು ಕೆಲಸ ನಿಲ್ಲಿಸುತ್ತದೆ ಎಂದಲ್ಲ. ಬಹುಶಃ ಓಡುತ್ತದೆ. ಆದರೆ ಓಡುತ್ತದೆ ಎಂದು ತಯಾರಕರು ಹೇಳಿಲ್ಲ. ನಾಲ್ಕು ಸಲ ಓಡಿ ಐದನೇ ಸಲ ನಿಂತರೆ ಕಾರಣ ಹುಡುಕಲು ಜಾಗವೇ ಇರುವುದಿಲ್ಲ. ಇದೇ ತೋಳಿಗೆ 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಇದ್ದಿದ್ದರೆ ನಾನು ಈ ಚಿಪ್ಪನ್ನು ಸಂತೋಷದಿಂದ ಆರಿಸುತ್ತಿದ್ದೆ.

ಇದೇ ಚಿಪ್ಪಿನಲ್ಲಿ ESP32 ಬಳಸುವವರು ಎಡವುವ ಇನ್ನೊಂದು ಜಾಗವಿದೆ. ಆಜ್ಞೆಯ ಹೈ ಮಟ್ಟವನ್ನು ಅದರಲ್ಲಿ ನೇರ ವೋಲ್ಟಿನಲ್ಲಿ ಹೇಳದೆ `VCC × 0.7` ಎಂದು ಕೊಟ್ಟಿದ್ದಾರೆ. `VCC` ಪಿನ್ನಿಗೆ 5 ವೋಲ್ಟ್ ಕೊಟ್ಟರೆ ಹೈ ಎನಿಸಿಕೊಳ್ಳಲು 3.5 ವೋಲ್ಟ್ ಬೇಕು. ESP32 ಕೊಡುವುದು 3.3. ಅದೇ ಪಿನ್ನನ್ನು 3.3ಕ್ಕೆ ಜೋಡಿಸಿದರೆ 2.31 ಸಾಕು. ಒಂದು ತಂತಿ ಬದಲಿಸಿದರೆ ಸಮಸ್ಯೆ ಮುಗಿಯಿತು, ಆದರೆ ಆ ಸಾಲು ಓದಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಇನ್ನು DRV8833. ಸರಬರಾಜು 2.7ರಿಂದ 10.8 ವೋಲ್ಟ್. ಆಜ್ಞೆಯ ಹೈ ಮಟ್ಟಕ್ಕೆ 2 ವೋಲ್ಟ್ ಸಾಕು, ನಿದ್ದೆಯಿಂದ ಎಬ್ಬಿಸುವ `nSLEEP` ಪಿನ್ನಿಗೆ ಮಾತ್ರ 2.5. ಮೊದಲ ಪುಟದಲ್ಲಿ ಒಂದೊಂದು ಬ್ರಿಡ್ಜಿಗೆ 1.5 ಆಂಪಿಯರ್ ಎಂದು ಬರೆದು, ಸೂಕ್ತ ಶಾಖ ನಿವಾರಣೆಯಿದ್ದು, 5 ವೋಲ್ಟ್, 25 ಡಿಗ್ರಿಯಲ್ಲಿ ಎಂಬ ಷರತ್ತನ್ನೂ ಸೇರಿಸಿದ್ದಾರೆ. ಎರಡು ಸ್ವಿಚ್ಚುಗಳ ರೋಧ ಸೇರಿ 0.36 ಓಮ್ ಎಂದಿದೆ. ಇಲ್ಲೂ ಒಳಗಿನ ಪಟ್ಟಿಗೆ ಹೋಗಬೇಕು. 0.36 ಎಂಬುದು 25 ಡಿಗ್ರಿಯಲ್ಲಿ ಸಾಮಾನ್ಯವಾಗಿ ಸಿಗುವ ಮೌಲ್ಯ. ಚಿಪ್ಪು 85 ಡಿಗ್ರಿಗೆ ಕಾದಾಗ ಮೇಲಿನ ಸ್ವಿಚ್ಚು ಗರಿಷ್ಠ 0.325, ಕೆಳಗಿನದು 0.275, ಒಟ್ಟು 0.6 ಓಮ್. ಬಿಸಿಯಾದ ಮಾಸ್‌ಫೆಟ್ಟಿನ ರೋಧ ಏರುತ್ತದೆ ಎಂಬುದು ಈ ಎರಡು ಸಾಲುಗಳ ನಡುವಿನ ವ್ಯತ್ಯಾಸದಲ್ಲೇ ಕಾಣುತ್ತದೆ. ನಷ್ಟದ ಲೆಕ್ಕಕ್ಕೆ ನಾನು ಯಾವಾಗಲೂ ಗರಿಷ್ಠದ ಕಾಲಮ್ಮನ್ನೇ ಹಿಡಿಯುತ್ತೇನೆ. 0.45 ಆಂಪಿಯರಿಗೆ ಆ ಲೆಕ್ಕದಲ್ಲೂ 0.27 ವೋಲ್ಟ್ ಮಾತ್ರ.

ಆದರೆ ನನ್ನ ಮನಸ್ಸು ಇದರ ಕಡೆ ವಾಲಿದ್ದು ಬೇರೊಂದು ಸಾಲಿನಿಂದ. ಈ ಚಿಪ್ಪಿಗೆ ಕರೆಂಟಿನ ಮಿತಿ ಹೇಳಿಕೊಡಬಹುದು. ಪ್ರತಿ ಬ್ರಿಡ್ಜಿಗೂ ಒಂದು ಪಿನ್ ಇದೆ, ಹೆಸರು `AISEN`, `BISEN`. ಆ ಪಿನ್ನಿಗೂ ನೆಲಕ್ಕೂ ನಡುವೆ ಒಂದು ಸಣ್ಣ ರೆಸಿಸ್ಟರ್ ಹಾಕಬೇಕು. ಮೋಟಾರಿನ ಕರೆಂಟು ಅದರ ಮೂಲಕ ಹರಿದು, ಅದರ ಮೇಲಿನ ವೋಲ್ಟೇಜು 0.2ಕ್ಕೆ ಮುಟ್ಟಿದೊಡನೆ ಚಿಪ್ಪು ಆ ಬ್ರಿಡ್ಜನ್ನು ಕ್ಷಣಕಾಲ ಆರಿಸಿ ಮತ್ತೆ ಹಚ್ಚುತ್ತದೆ. ಮೋಟಾರು ಎಷ್ಟೇ ಹಟ ಮಾಡಿದರೂ ಆ ಮಿತಿಯ ಮೇಲೆ ಕರೆಂಟು ಏರುವುದಿಲ್ಲ. ಸರಬರಾಜು ಚಿಕ್ಕದಿದ್ದಾಗ ಇದಕ್ಕಿಂತ ಬೇಕಾದ ಗುಣ ಇನ್ನೊಂದಿಲ್ಲ. ಡ್ರೈವರ್ 4 ಆಂಪಿಯರ್ ತಾಳಬಲ್ಲದು ಎಂಬುದು 2 ಆಂಪಿಯರಿನ ಚಾರ್ಜರನ್ನು ಕಾಪಾಡುವುದಿಲ್ಲ, 0.6ಕ್ಕೆ ತಡೆಯುವ ಡ್ರೈವರ್ ಕಾಪಾಡುತ್ತದೆ.

ಹೆಗಲಿಗೆ 0.45 ಬೇಕು. ಮಿತಿ ಅದಕ್ಕಿಂತ ಸ್ವಲ್ಪ ಮೇಲಿರಬೇಕು. 0.33 ಓಮ್ ಹಾಕಿದರೆ:

```
I = 0.2 / 0.33 = 0.61 A
```

ಇಲ್ಲಿ ನಿಲ್ಲಬಾರದು. ಪಟ್ಟಿಯಲ್ಲಿ ಆ 0.2 ವೋಲ್ಟಿನ ಸಾಲಿಗೆ ಕನಿಷ್ಠ 160 ಮಿಲಿವೋಲ್ಟ್, ಗರಿಷ್ಠ 240 ಎಂದಿದೆ. ಒಂದು ಚಿಪ್ಪಿಗೂ ಇನ್ನೊಂದಕ್ಕೂ ಅಷ್ಟು ಅಂತರ ಇರಬಹುದು. ಹಾಗಾದರೆ ನಿಜವಾದ ಮಿತಿ 0.48ರಿಂದ 0.73ರ ನಡುವೆ ಎಲ್ಲಾದರೂ ಇದ್ದೀತು. ಕೆಳಗಿನ ತುದಿ ನಮ್ಮ 0.45ಕ್ಕಿಂತ ಮೇಲಿದೆಯೇ? ಇದೆ, ಸ್ವಲ್ಪವೇ ಮೇಲೆ. ಮೇಲಿನ ತುದಿಯನ್ನು ಚಾರ್ಜರಿನ ಲೆಕ್ಕಕ್ಕೆ ಬಳಸಬೇಕು. ಭಾರ ಎತ್ತುತ್ತದೆಯೇ ಎಂದು ನೋಡುವಾಗ ಕನಿಷ್ಠ, ಸರಬರಾಜು ತಡೆಯುತ್ತದೆಯೇ ಎಂದು ನೋಡುವಾಗ ಗರಿಷ್ಠ. ನಡುವಿನ ಸಾಮಾನ್ಯ ಎಂಬ ಕಾಲಮ್ಮು ಎರಡಕ್ಕೂ ಉಪಯೋಗವಿಲ್ಲ. ರೆಸಿಸ್ಟರಿನ ಬಿಸಿಯ ಲೆಕ್ಕ ಸುಲಭ: 0.61ರ ವರ್ಗ ಗುಣಿಸು 0.33, ಅಂದರೆ 0.12 ವಾಟ್. ಕಾಲು ವಾಟಿನದು ಸಾಕು.

ಬುಡ ಮತ್ತು ಇಕ್ಕಳಕ್ಕೆ 0.68 ಓಮ್. ಮಿತಿ 0.29, ಹೆಚ್ಚೆಂದರೆ 0.35. ಇಕ್ಕಳಕ್ಕೆ ಇದರಿಂದ ಇನ್ನೊಂದು ಅನುಕೂಲವಾಯಿತು. ವಸ್ತುವನ್ನು ಹಿಡಿದ ಮೇಲೆ ಅದರ ಮೋಟಾರು ಸದಾ ಸಿಕ್ಕಿಕೊಂಡೇ ನಿಂತಿರುತ್ತದೆ. ಮಿತಿಯಿಲ್ಲದೆ ಬಿಟ್ಟರೆ ಸುರುಳಿ ಕಾಯುತ್ತಾ ಹೋಗುತ್ತದೆ. ಈಗ ಅದರ ಹಿಡಿತದ ಬಲವೂ ಬಿಸಿಯೂ ಎರಡೂ ಒಂದು ರೆಸಿಸ್ಟರಿನಿಂದ ನಿಗದಿಯಾದವು.

ಇನ್ನು ಚಾರ್ಜರಿನ ಜಮಾಖರ್ಚು. 2 ಆಂಪಿಯರಿನಲ್ಲಿ ESP32ಗೆಂದು ಅರ್ಧ ಆಂಪಿಯರ್ ತೆಗೆದಿಟ್ಟೆವು. ಸರಬರಾಜು 500 ಮಿಲಿಆಂಪಿಯರ್ ಅಥವಾ ಹೆಚ್ಚು ಕೊಡುವಂತಿರಲಿ ಎಂದು ಅದರ ಡೇಟಾಶೀಟೇ ಹೇಳುತ್ತದೆ. ಮೋಟಾರುಗಳಿಗೆ ಉಳಿದದ್ದು ಒಂದೂವರೆ. ನಾಲ್ಕೂ ಮೋಟಾರುಗಳು ತಮ್ಮ ಗರಿಷ್ಠಕ್ಕೆ ಮುಟ್ಟಿದರೆ 0.73, 0.73, 0.35, 0.35 ಸೇರಿ 2.16 ಆಗುತ್ತದೆ, ಒಂದೂವರೆಗೆ ಹೊಂದದು. ಆದರೆ ಹೆಗಲು ಮತ್ತು ಮೊಣಕೈ ಎರಡೇ ಆದರೆ 1.46. ಹೆಗಲು, ಬುಡ, ಇಕ್ಕಳ ಮೂರಾದರೆ 1.43. ಎರಡೂ ಹೊಂದುತ್ತವೆ. ಆದ್ದರಿಂದ ಪ್ರೋಗ್ರಾಮಿನಲ್ಲಿ ಒಂದು ನಿಯಮ ಬರೆದೆವು: ಹೆಗಲೂ ಮೊಣಕೈಯೂ ಒಟ್ಟಿಗೆ ನಡೆಯುವಾಗ ಬುಡ ಮತ್ತು ಇಕ್ಕಳ ಕಾಯಬೇಕು. ವಸ್ತುವನ್ನು ಹಿಡಿದುಕೊಂಡೇ ತೋಳು ಏಳಬೇಕಲ್ಲ ಎಂದು ಅವನು ಕೇಳಿದ. ಸರಿಯಾದ ಪ್ರಶ್ನೆ. ಹಿಡಿದ ಮೇಲೆ ಇಕ್ಕಳದ ಕರೆಂಟನ್ನು ನಿಲ್ಲಿಸಿದರೂ ಗೇರುಗಳ ಘರ್ಷಣೆಯೇ ರಬ್ಬರನ್ನು ಬಿಡದೆ ಹಿಡಿದಿರುತ್ತದೆ. ಪರೀಕ್ಷಿಸಿ ನೋಡಿದೆವು, ಬೀಳಲಿಲ್ಲ. ನುಣುಪಾದ ಲೋಹದ ತುಂಡಾದರೆ ಈ ಮಾತು ನಡೆಯದು.

ಬಿಸಿಯ ವಿಷಯ ಇಲ್ಲಿ ದೊಡ್ಡದಲ್ಲ, ಆದರೂ ಲೆಕ್ಕ ಮಾಡಿಬಿಡುವುದು ಒಳ್ಳೆಯದು. ಒಂದು ಚಿಪ್ಪಿನ ಎರಡೂ ಬ್ರಿಡ್ಜುಗಳಲ್ಲಿ 0.6 ಆಂಪಿಯರ್ ಹರಿದರೆ, 0.6 ಓಮಿನ ಲೆಕ್ಕದಲ್ಲಿ ಒಟ್ಟು 0.43 ವಾಟ್. ತಳದಲ್ಲಿ ಲೋಹದ ಪಟ್ಟಿಯಿರುವ ಮಾದರಿಗೆ ಒಂದು ವಾಟಿಗೆ ಸುಮಾರು 40 ಡಿಗ್ರಿ ಏರುತ್ತದೆ ಎಂದು ಡೇಟಾಶೀಟಿನಲ್ಲಿದೆ. ಅಂದರೆ 17 ಡಿಗ್ರಿಯಷ್ಟೇ. ಆದರೆ ಆ 40 ಎಂಬ ಸಂಖ್ಯೆ ಬಂದಿರುವುದು ತಾಮ್ರ ಧಾರಾಳವಾಗಿರುವ ಪರೀಕ್ಷಾ ಬೋರ್ಡಿನಿಂದ. ಉಗುರಿನಗಲದ ಮಾಡ್ಯೂಲಿನಲ್ಲಿ ಅದು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಆಗಲೂ 35 ಡಿಗ್ರಿ ಏರಿಕೆ, ತೊಂದರೆಯಿಲ್ಲ. 1.5 ಆಂಪಿಯರ್ ಹರಿಸುವವರಾದರೆ ಇದೇ ಲೆಕ್ಕ ಬೇರೆಯೇ ಉತ್ತರ ಕೊಡುತ್ತದೆ, ಏಕೆಂದರೆ ಬಿಸಿ ಕರೆಂಟಿನ ವರ್ಗದಷ್ಟು ಬೆಳೆಯುತ್ತದೆ.

ಚಿಪ್ಪಿನ ಡೇಟಾಶೀಟ್ ಓದಿಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಾವು ಕೊಳ್ಳುವುದು ಚಿಪ್ಪನ್ನಲ್ಲ, ಅದನ್ನು ಕೂರಿಸಿದ ಮಾಡ್ಯೂಲನ್ನು. ಅಗ್ಗದ DRV8833 ಮಾಡ್ಯೂಲುಗಳಲ್ಲಿ `ISEN` ಪಿನ್ನುಗಳನ್ನು ನೇರ ನೆಲಕ್ಕೆ ಸೇರಿಸಿರುವುದುಂಟು. ಅಂಥದ್ದರಲ್ಲಿ ಮೇಲೆ ಹೇಳಿದ ಮಿತಿ ಕೆಲಸವೇ ಮಾಡುವುದಿಲ್ಲ. ಬೋರ್ಡಿನ ಮೇಲೆ `R200`, `R330` ಎಂಬಂಥ ಗುರುತಿನ ಎರಡು ರೆಸಿಸ್ಟರುಗಳು ಇವೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. `R200` ಎಂದರೆ 0.2 ಓಮ್, 1 ಆಂಪಿಯರ್ ಮಿತಿ. ಮೀಟರಿನಿಂದ ಇಷ್ಟು ಸಣ್ಣ ಓಮನ್ನು ನಂಬುವಂತೆ ಅಳೆಯಲಾಗದು. ಗುರುತು ಓದುವುದೇ ಸರಿ. ಕೆಲವು ಬೋರ್ಡುಗಳಲ್ಲಿ `nSLEEP` ಪಿನ್ನಿಗೆ `EEP` ಎಂದು ಮುದ್ರಿಸಿರುತ್ತಾರೆ. ಅದನ್ನು ಎಲ್ಲೂ ಜೋಡಿಸದೆ ಬಿಟ್ಟು, ಮೋಟಾರು ಅಲುಗುತ್ತಿಲ್ಲ, ಮಾಡ್ಯೂಲು ಕೆಟ್ಟಿದೆ ಎಂದುಕೊಂಡವರನ್ನು ನಾನು ನೋಡಿದ್ದೇನೆ. ಚಿಪ್ಪು ನಿದ್ದೆಯಲ್ಲಿರುತ್ತದೆ, ಅಷ್ಟೇ.

ನಮ್ಮ ಮಾಡ್ಯೂಲುಗಳಲ್ಲಿ `R200` ಇತ್ತು. ಬಿಸಿ ಗಾಳಿಯಲ್ಲಿ ಅವನ್ನು ತೆಗೆದು 0.33 ಮತ್ತು 0.68 ಓಮಿನವನ್ನು ಬೆಸೆದೆವು. ಹೆಗಲು ಮತ್ತು ಮೊಣಕೈ ಒಂದು ಮಾಡ್ಯೂಲಿಗೆ, ಬುಡ ಮತ್ತು ಇಕ್ಕಳ ಇನ್ನೊಂದಕ್ಕೆ. ಎರಡರ ಸರಬರಾಜಿನ ಪಿನ್ನಿಗೂ ತಾಗಿದಂತೆ 470 ಮೈಕ್ರೋಫ್ಯಾರಡ್ಡಿನ ಒಂದೊಂದು ಕೆಪಾಸಿಟರ್ ಕೂರಿಸಿದೆವು. ಬ್ರಿಡ್ಜು ಹಚ್ಚಿ ಆರಿಸುವಾಗಿನ ಕರೆಂಟಿನ ಏರಿಳಿತವನ್ನು ಕೇಬಲಿನ ಮೇಲೆ ಬೀಳಿಸದೆ ಹತ್ತಿರದಲ್ಲೇ ತುಂಬಿಕೊಡುವುದು ಅದರ ಕೆಲಸ.

ಮಿತಿ ನಿಜಕ್ಕೂ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಲು, ಸರಬರಾಜಿನ ದಾರಿಯಲ್ಲಿ ಮೀಟರಿಟ್ಟು ಹೆಗಲನ್ನು ಕೈಯಿಂದ ಮೆಲ್ಲಗೆ ತಡೆದು ಹಿಡಿದೆವು. ಮೀಟರಿನಲ್ಲಿ ಏರಿದ್ದು 0.4ರ ಆಸುಪಾಸು ಮಾತ್ರ. "0.6 ಬರಬೇಕಿತ್ತಲ್ಲ ಮಾಮ?" ಎಂದ. ಮೋಟಾರಿನೊಳಗೆ 0.6 ಹರಿಯುತ್ತಲೇ ಇದೆ. ಬ್ರಿಡ್ಜು ಆರಿದ ಕ್ಷಣಗಳಲ್ಲಿ ಆ ಕರೆಂಟು ಚಾರ್ಜರಿನಿಂದ ಬರುವುದಿಲ್ಲ. ಮೋಟಾರಿನ ಸುರುಳಿ ತನ್ನಲ್ಲಿ ಕೂಡಿಟ್ಟಿದ್ದನ್ನು ಚಿಪ್ಪಿನ ಮೂಲಕವೇ ಸುತ್ತಿಸುತ್ತಿರುತ್ತದೆ. ಶಕ್ತಿಯ ಲೆಕ್ಕದಲ್ಲಿ ನೋಡಿದರೂ ತಾಳೆಯಾಗುತ್ತದೆ. 0.6ರ ವರ್ಗ ಗುಣಿಸು 5 ಓಮ್ ಎಂದರೆ 1.8 ವಾಟ್, ಚಿಪ್ಪು ಮತ್ತು ರೆಸಿಸ್ಟರಿನ ನಷ್ಟ ಸೇರಿ ಸುಮಾರು 2 ವಾಟ್, ಅದನ್ನು 4.7ರಿಂದ ಭಾಗಿಸಿದರೆ 0.43. ಸಿಕ್ಕಿಕೊಂಡ ಮೋಟಾರು ಈ ಚಿಪ್ಪಿನ ಕೈಯಲ್ಲಿ ಚಾರ್ಜರಿಗೆ ಓಡುವ ಮೋಟಾರಿಗಿಂತ ಹಗುರ. ಅಂದರೆ ನಮ್ಮ 1.46ರ ಲೆಕ್ಕದಲ್ಲಿ ಇನ್ನೂ ಒಂದಿಷ್ಟು ಅವಕಾಶ ಉಳಿದಿದೆ.

ಒಂದು ವಿಷಯ ಮಾತ್ರ ನಾವು ಬೆಸೆದಾದ ಮೇಲೆ ಕಲಿತದ್ದು. ಆಜ್ಞೆಗಳ ಪಟ್ಟಿ ಡೇಟಾಶೀಟಿನಲ್ಲಿ ಹೀಗಿದೆ:

```
AIN1 AIN2
 0    0    ಬಿಡು (ಮೋಟಾರು ತೇಲುತ್ತದೆ)
 0    1    ಹಿಂದೆ
 1    0    ಮುಂದೆ
 1    1    ಬ್ರೇಕ್
```

ಚಕ್ರದ ಗಾಡಿ ಮಾಡುವವರಿಗೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ದೊಡ್ಡ ವ್ಯತ್ಯಾಸ ತೋರದು. ತೋಳಿಗೆ ತೋರುತ್ತದೆ. ಹೆಗಲನ್ನು ಎತ್ತಿ ಎರಡಕ್ಕೂ ಸೊನ್ನೆ ಕೊಟ್ಟರೆ, ಭಾರ ಗೇರುಗಳನ್ನು ಹಿಂದಕ್ಕೆ ತಿರುಗಿಸುತ್ತಾ ತೋಳು ಕೆಳಗಿಳಿಯಿತು. ಎರಡಕ್ಕೂ ಒಂದು ಕೊಟ್ಟರೆ ಚಿಪ್ಪು ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ. ತಿರುಗಲು ಹೊರಟ ಮೋಟಾರು ತಾನೇ ಹುಟ್ಟಿಸಿದ ಕರೆಂಟಿನಿಂದ ತನ್ನನ್ನು ತಡೆದುಕೊಳ್ಳುತ್ತದೆ. ಚಾರ್ಜರಿನಿಂದ ಮೋಟಾರಿಗೆ ಏನೂ ಹೋಗುವುದಿಲ್ಲ. ತೋಳು ಪೂರ್ತಿ ನಿಲ್ಲುವುದಿಲ್ಲ, ಆದರೆ ಜಾರುವುದು ಕಣ್ಣಿಗೆ ಕಾಣದಷ್ಟು ನಿಧಾನ. ಆಗಾಗ ಕ್ಷಣಕಾಲ ಮೇಲಕ್ಕೆ ತಳ್ಳಿದರೆ ಸಾಕು.

ಚಿಪ್ಪಿನ ಇನ್‌ಪುಟ್ಟುಗಳನ್ನು ಒಳಗಿನಿಂದಲೇ ಸೊನ್ನೆಗೆ ಎಳೆದಿಟ್ಟಿರುತ್ತಾರೆ. ಹಾಗಾಗಿ ESP32 ರೀಸ್ಟಾರ್ಟ್ ಆದರೆ ಎಲ್ಲ ಮೋಟಾರುಗಳೂ ಬಿಡು ಎಂಬ ಸ್ಥಿತಿಗೆ ಬಂದು ತೋಳು ಇಳಿಯುತ್ತದೆ. ಮೊದಲೆಲ್ಲ ತೋಳು ನಡುವೆ ಕುಸಿದದ್ದಕ್ಕೆ ಹುಡುಗ ಗೇರನ್ನು ದೂರಿದ್ದ. ಅದು ಕೇಬಲಿನಲ್ಲಿ ಕಳೆದುಹೋದ 0.7 ವೋಲ್ಟಿನ ಕೊನೆಯ ಪರಿಣಾಮವಾಗಿತ್ತು.

ರಜೆ ಮುಗಿಯುವ ಹಿಂದಿನ ಸಂಜೆ ಅದೇ ಚಾರ್ಜರಿನಿಂದ, ಅದೇ ಮೋಟಾರುಗಳಿಂದ, ಹೊಸ ಕೇಬಲ್ ಹಾಕಿ ರಬ್ಬರನ್ನು ಎತ್ತಿಸಿದೆವು. ಹನ್ನೊಂದು ಸೆಕೆಂಡಿನ ಜಾಗದಲ್ಲಿ ನಾಲ್ಕು ಸೆಕೆಂಡಿಗೂ ಕಡಿಮೆ ಬಂತು. ಹೆಗಲೂ ಮೊಣಕೈಯೂ ಜೊತೆಯಾಗಿ ಹೊರಟಾಗ ಬೋರ್ಡಿನ ಮೇಲಿನ ವೋಲ್ಟೇಜು 4.8ರ ಕೆಳಗೆ ಇಳಿಯಲಿಲ್ಲ. ಅವನು ಇಪ್ಪತ್ತು ಸಲ ಎತ್ತಿ ಇಳಿಸಿ, ಪ್ರತಿ ಸಲದ ವೋಲ್ಟೇಜನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತೋಳನ್ನು ಮತ್ತೆ ಚಪ್ಪಲಿ ಡಬ್ಬಿಗೆ ಇಟ್ಟ.